ನಮ್ಮ ಶಾಲೆಯ ಹಳೇ ಫ್ಲಾಪಿಗಳನ್ನು ಓದಿಸಿಕೊಟ್ಟವರಿಗೆ

ನಾನು ಮಲೆನಾಡಿನ ಒಂದು ಅನುದಾನಿತ ಹೈಸ್ಕೂಲಿನಲ್ಲಿ ಗುಮಾಸ್ತನಾಗಿದ್ದೆ. 2011ರಲ್ಲಿ ನಿವೃತ್ತಿಯಾಯಿತು. ಕಳೆದ ಎರಡು ತಿಂಗಳು ನನ್ನ ಜೊತೆ ನಿಂತ ಕೆಲವರಿಗೆ ಎಲ್ಲರ ಮುಂದೆ ಥ್ಯಾಂಕ್ಸ್ ಹೇಳಬೇಕಿದೆ. ಯಾರು ಏನು ಮಾಡಿದರು ಅಂತ ತಿಳಿಯಬೇಕಾದರೆ ನಡೆದದ್ದನ್ನು ಹೇಳಬೇಕು.

ನಮ್ಮ ಶಾಲೆಯಲ್ಲಿ ಓದಿದ ಹೆಣ್ಣುಮಗಳೊಬ್ಬರು ಹುಡುಕಿಕೊಂಡು ಮನೆಗೆ ಬಂದರು. ಅಂಗನವಾಡಿಯಲ್ಲಿ ಸಹಾಯಕಿ. ಕಚೇರಿಯ ಪಟ್ಟಿಯಲ್ಲಿ ಆಕೆ ಹುಟ್ಟಿದ ವರ್ಷ 1961 ಅಂತಿದೆಯಂತೆ. ಹಾಗಾದರೆ ವಯಸ್ಸು ಎಂದೋ ಮೀರಿದೆ, ಕೆಲಸ ಬಿಡಿ ಅಂದಿದ್ದಾರೆ. ಎಸ್ಸೆಸ್ಸೆಲ್ಸಿವರೆಗೆ ಓದಿದವರಲ್ಲ, ಅಂಕಪಟ್ಟಿ ಇಲ್ಲ. 1992ರಲ್ಲಿ ಶಾಲೆಯಿಂದ ಪಡೆದ ವ್ಯಾಸಂಗ ಪ್ರಮಾಣಪತ್ರದ ಜೆರಾಕ್ಸ್ ಇತ್ತು. ಅದರಲ್ಲಿ ಮಡಿಕೆಯ ಗೆರೆ ಸರಿಯಾಗಿ ಹುಟ್ಟಿದ ದಿನಾಂಕದ ಮೇಲೇ ಬಿದ್ದು ಅಕ್ಷರ ಅಳಿಸಿತ್ತು.

"ಸರ್, ಇದನ್ನ ಟೈಪ್ ಮಾಡಿದ್ದು ನೀವೇ ಅಲ್ವಾ?" ಅಂದರು.

ನಾನೇ. ಟೈಪ್‌ರೈಟರಿನಲ್ಲಲ್ಲ, ಕಂಪ್ಯೂಟರಿನಲ್ಲಿ. 1990ರಲ್ಲಿ ಆಡಳಿತ ಮಂಡಳಿ ಒಂದು ಪಿಸಿ ಕೊಡಿಸಿತ್ತು. ಅದಕ್ಕೆ ಕನ್ನಡ ಬರುತ್ತಿರಲಿಲ್ಲ. ಹಾಗಾಗಿ ಪ್ರಮಾಣಪತ್ರಗಳನ್ನೆಲ್ಲ ವರ್ಡ್‌ಸ್ಟಾರ್ ಅನ್ನುವ ಪತ್ರ ಬರೆಯುವ ಸಾಫ್ಟ್‌ವೇರಿನಲ್ಲಿ ಇಂಗ್ಲಿಷಲ್ಲಿ ಹೊಡೆದು ಐದೂಕಾಲು ಇಂಚಿನ ಫ್ಲಾಪಿಯಲ್ಲಿ ಇಡುತ್ತಿದ್ದೆ. ಈಗ ಶಾಲೆಗೆ ಹೋಗಿ ಕೇಳಿದರೆ ಹಳೇ ದಾಖಲಾತಿ ರಿಜಿಸ್ಟರುಗಳು ಒಂದು ಮಳೆಗಾಲದಲ್ಲಿ ನೆನೆದು ಹಾಳೆಗೆ ಹಾಳೆ ಅಂಟಿ ಇಟ್ಟಿಗೆಯ ಹಾಗಾಗಿವೆ. ಯಾವ ಹಾಳೆ ಬಿಡಿಸಬೇಕು ಅಂತ ಗೊತ್ತಿಲ್ಲದೆ ಕೈ ಹಾಕಿದರೆ ಎಲ್ಲವೂ ಹರಿಯುತ್ತದೆ. ಉಳಿದದ್ದು ಬೀರುವಿನ ಮೇಲಿದ್ದ ಚಪ್ಪಲಿ ಡಬ್ಬ. ಅದರಲ್ಲಿ ನನ್ನ ಹದಿನಾಲ್ಕು ಫ್ಲಾಪಿ. ಹಳೇದು ಅಂತ ಎಸೆಯದೆ ಅಲ್ಲೇ ಇಟ್ಟ ಜವಾನರಿಗೆ ನನ್ನ ಮೊದಲ ನಮಸ್ಕಾರ. ಅವರು ಈಗಿಲ್ಲ. ಅವರ ಮಗ ಇದನ್ನು ಓದುತ್ತಾರೆ ಅಂತ ಬರೆಯುತ್ತಿದ್ದೇನೆ.

ಎರಡನೇ ನಮಸ್ಕಾರ ನನ್ನ ತಂಗಿಯ ಮಗನಿಗೆ. ಫ್ಲಾಪಿ ಅಂದ ತಕ್ಷಣ ಅವನು ಹೇಳಿದ್ದು ಒಂದೇ ಮಾತು: "ಮಾವ, ಯಾವ ಡ್ರೈವಿಗೂ ಹಾಕಬೇಡಿ. ನಾನು ಬರ್ತೀನಿ."

ಬಂದವನು ಫ್ಲಾಪಿಯ ಕವರಿನ ಉದ್ದನೆಯ ಕಿಂಡಿಯನ್ನು ಬೆಳಕಿಗೆ ಹಿಡಿದು, ನಡುವಿನ ತೂತಿಗೆ ಬೆರಳಿಟ್ಟು ಒಳಗಿನ ಕಂದು ತಟ್ಟೆಯನ್ನು ಮೆಲ್ಲಗೆ ತಿರುಗಿಸಿದ. ಹಪ್ಪಳದ ಮೇಲೆ ಬರುವಂಥ ಬಿಳಿ ಬೂಷ್ಟು ಚುಕ್ಕಿಚುಕ್ಕಿಯಾಗಿ ಕಂಡಿತು. ಹಾಗೇ ಡ್ರೈವಿಗೆ ಹಾಕಿದ್ದರೆ ಬೂಷ್ಟು ಓದುವ ಹೆಡ್ಡಿಗೆ ಮೆತ್ತಿಕೊಂಡು, ಅದೇ ಹೆಡ್ಡು ತಟ್ಟೆಯ ಮೇಲಿನ ಲೇಪ ಕೆರೆದು ಹಾಕುತ್ತಿತ್ತಂತೆ. ಲೇಪ ಹೋದರೆ ಅಕ್ಷರವೂ ಹೋಯಿತು. ಕವರಿನ ಒಂದು ಅಂಚು ಕತ್ತರಿಸಿ, ತಟ್ಟೆ ಹೊರಗೆ ತೆಗೆದು, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ನೂಲು ಬಿಡದ ಬಟ್ಟೆಯಿಂದ ಒರೆಸಿದೆವು. ಒಣಗಿದ ಮೇಲೆ ಶುಚಿಯಾದ ಬೇರೆ ಕವರಿಗೆ ಸೇರಿಸಿದೆವು. ಹದಿನಾಲ್ಕಕ್ಕೆ ನಾಲ್ಕು ದಿನ ಹಿಡಿಯಿತು. ಆಲ್ಕೋಹಾಲ್ ತರಿಸಿಕೊಟ್ಟ ನಮ್ಮೂರಿನ ಮೆಡಿಕಲ್ ಶಾಪಿನವರು ದುಡ್ಡು ತಗೊಳ್ಳಲಿಲ್ಲ.

ಡ್ರೈವ್ ಕೊಟ್ಟವರು ಶಿವಮೊಗ್ಗದ ರಿಪೇರಿ ಅಂಗಡಿಯವರು. ಅಟ್ಟದಲ್ಲಿದ್ದದ್ದನ್ನು ಇಳಿಸಿ, ಬೆಲ್ಟಿಲ್ಲದ ಮಾದರಿ, ತಿರುಗುತ್ತದೆ ಅಂತ ಪರೀಕ್ಷೆ ಮಾಡಿಯೇ ಕೊಟ್ಟರು. ಈಗಿನ ಲ್ಯಾಪ್‌ಟಾಪಿಗೆ ಅದನ್ನು ನೇರ ಸಿಕ್ಕಿಸಲು ಆಗುವುದಿಲ್ಲ. ನಡುವೆ ಗ್ರೀಸ್‌ವೀಸಲ್ ಅನ್ನುವ ಪುಟ್ಟ ಬೋರ್ಡು ಬೇಕು. ಒಂದು ಕಡೆ ಡ್ರೈವಿನ ಅಗಲದ ಕೇಬಲ್, ಇನ್ನೊಂದು ಕಡೆ ಯುಎಸ್‌ಬಿ. ಡ್ರೈವಿಗೆ ಕರೆಂಟು ಹಳೇ ಕಂಪ್ಯೂಟರಿನ ಎಸ್‌ಎಂಪಿಎಸ್‌ನಿಂದ. ಓದುವ ಮೊದಲು ಫ್ಲಾಪಿಯ ಬದಿಯ ಕಚ್ಚಿಗೆ ಟೇಪು ಅಂಟಿಸಿದೆವು, ತಪ್ಪಿ ಕೂಡ ಅದರ ಮೇಲೆ ಏನೂ ಬರೆಯಬಾರದಲ್ಲ.

ಫ್ಲಾಪಿಯ ತಟ್ಟೆಯನ್ನು ಸೆಕ್ಟರು ಅನ್ನುವ ಸಣ್ಣ ತುಂಡುಗಳಾಗಿ ಹಂಚಿರುತ್ತದೆ, ನಮ್ಮ ಫ್ಲಾಪಿಯಲ್ಲಿ ಒಟ್ಟು 720 ಸೆಕ್ಟರು. ಓದಿ ಮುಗಿದಾಗ ಪರದೆಯ ಮೇಲೆ ಪ್ರತಿ ಸೆಕ್ಟರಿಗೂ ಒಂದು ಗುರುತು ಬರುತ್ತದೆ. ಸರಿಯಿದ್ದರೆ ಚುಕ್ಕೆ, ಓದಲಾಗದಿದ್ದರೆ X. ಹನ್ನೊಂದು ಫ್ಲಾಪಿಗೆ ಬರೀ ಚುಕ್ಕೆ ಬಂತು. ಎರಡರಲ್ಲಿ ಅಲ್ಲಲ್ಲಿ X. ಒಂದು ಏನು ಮಾಡಿದರೂ ಬರಲಿಲ್ಲ. ಪ್ರತಿ ಫ್ಲಾಪಿಯಾದ ಮೇಲೂ ಹೆಡ್ಡು ಒರೆಸುತ್ತಿದ್ದ ಹುಡುಗನ ತಾಳ್ಮೆ ನೋಡಿ ನನಗೆ ಕಣ್ಣು ತುಂಬಿ ಬಂತು.

ನಮಗೆ ಬೇಕಾದ `CERT92.DOC` ಸಿಕ್ಕಿತು. ಎರಡು ಬಾರಿ ಕ್ಲಿಕ್ ಮಾಡಿದರೆ ವರ್ಡ್ ಅದನ್ನು ತನ್ನದೇ ಫೈಲ್ ಅಂದುಕೊಂಡು ತಡವರಿಸಿತು. ನೋಟ್‌ಪ್ಯಾಡಿನಲ್ಲಿ ತೆರೆದರೆ ಆಕೆಯ ಪ್ರಮಾಣಪತ್ರದ ಸಾಲು ಹೀಗಿತ್ತು:

```
froí Junå 198± tï Apriì 198³ anä heò
datå oæ birtè ió 12-6-196¹ aó peò
```

ಹುಡುಗ ಅಷ್ಟರಲ್ಲಿ ಬೆಂಗಳೂರಿಗೆ ವಾಪಸ್ ಹೋಗಿದ್ದ. ನಾನೇ ಕೂತು ಒಂದು ಪಟ್ಟಿ ಮಾಡಿದೆ. å ಅಂದರೆ e, ó ಅಂದರೆ s, ï ಅಂದರೆ o. ಪ್ರತಿ ಪದದ ಕೊನೆಯ ಅಕ್ಷರ ಮಾತ್ರ ಕೆಟ್ಟಿದೆ, ಹಾಗಾಗಿ ಊಹಿಸಬಹುದು. ಅಂಕಿಗಳಲ್ಲಿ ³ ಅಂದರೆ 3, ¹ ಅಂದರೆ 1 ಅಂತ ಬರೆದುಕೊಂಡೆ. ± ಏನೆಂದು ತಿಳಿಯದೆ ಖಾಲಿ ಬಿಟ್ಟೆ. ಎರಡು ದಿನ ಇದನ್ನೇ ಮಾಡಿದೆ. ಆ ಪಟ್ಟಿಯ ಪ್ರಕಾರ ಆಕೆಯ ಹುಟ್ಟಿದ ವರ್ಷ 1961. ಕಚೇರಿಯವರು ಹೇಳಿದ್ದೇ ಸರಿ ಅಂತಾಯಿತು. ಆ ರಾತ್ರಿ ನನಗೆ ಊಟ ಸೇರಲಿಲ್ಲ. ಬೆಳಿಗ್ಗೆ ಆಕೆಗೆ ಫೋನ್ ಮಾಡಿ ಹೇಳಿಬಿಡುವುದು ಅಂತ ತೀರ್ಮಾನಿಸಿದ್ದೆ.

ನನ್ನ ಹೆಂಡತಿ ಸೊಪ್ಪು ಬಿಡಿಸುತ್ತಾ ಕೇಳಿದಳು, "ಅಲ್ಲಾ ರೀ, ಅವಳು ಶಾಲೆ ಬಿಟ್ಟಿದ್ದು ಯಾವಾಗ?"

"83ರಲ್ಲಿ. ಒಂಬತ್ತನೇ ಕ್ಲಾಸು ಮುಗಿಸಿ."

"61ರಲ್ಲಿ ಹುಟ್ಟಿದ್ರೆ ಇಪ್ಪತ್ತೆರಡು ವರ್ಷ ಆಗಿರುತ್ತಲ್ಲ. ಒಂಬತ್ತನೇ ಕ್ಲಾಸಿಗಾ?"

ಅವಳು ಆ ಪ್ರಶ್ನೆ ಕೇಳದಿದ್ದರೆ ನಾನು ಫೋನ್ ಮಾಡಿಯೇಬಿಡುತ್ತಿದ್ದೆ. ಇಲ್ಲಿ ಎಲ್ಲರಿಗಿಂತ ದೊಡ್ಡ ಋಣ ಅವಳದು.

ತಕ್ಷಣ ಹುಡುಗನಿಗೆ ಫೋನ್ ಹಚ್ಚಿದೆ. ಅವನು ಬಿಡಿಸಿ ಹೇಳಿದ. ಕಂಪ್ಯೂಟರಿನ ಒಳಗೆ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಇರುತ್ತದೆ. ಇಂಗ್ಲಿಷಿಗೆ 127ರವರೆಗಿನ ಸಂಖ್ಯೆ ಸಾಕು. ಅದರ ಮೇಲೆ ಒಂದು ಬಿಟ್ ಖಾಲಿ ಉಳಿಯುತ್ತದೆ. ಹಳೇ ವರ್ಡ್‌ಸ್ಟಾರ್ ಆ ಖಾಲಿ ಜಾಗವನ್ನು ತನ್ನ ಕೆಲಸಕ್ಕೆ ಬಳಸುತ್ತಿತ್ತು. ಸಾಲಿನ ಎರಡೂ ಅಂಚು ಸಮ ಬರುವಂತೆ ಪದಗಳ ನಡುವೆ ಜಾಗ ಹಂಚಬೇಕಲ್ಲ, ಅದಕ್ಕೆ ಪದದ ಕೊನೆಯ ಅಕ್ಷರಕ್ಕೆ 128 ಕೂಡಿಸಿ ಗುರುತು ಮಾಡಿಡುತ್ತಿತ್ತು. ಈಗಿನ ವಿಂಡೋಸಿಗೆ ಆ ಗುರುತು ಗೊತ್ತಿಲ್ಲ. ಆ ದೊಡ್ಡ ಸಂಖ್ಯೆಗೆ ತನ್ನಲ್ಲಿರುವ ಬೇರೆ ಚಿಹ್ನೆ ತೋರಿಸುತ್ತದೆ.

"ಮಾವ, 9ರ ಸಂಖ್ಯೆ 57. ಅದಕ್ಕೆ 128 ಕೂಡಿಸಿ."

185 ಆಯಿತು.

"ವಿಂಡೋಸಲ್ಲಿ 185 ಅಂದ್ರೆ ಆ ಮೇಲಿನ ಪುಟ್ಟ 1. ಈಗ ನಿಜವಾದ 1 ತಗೊಳ್ಳಿ. 49. ಕೂಡಿಸಿದ್ರೆ 177. ಅದು ±."

ಅಂದರೆ ¹ ಅನ್ನುವುದು 9. ನಾನು ಖಾಲಿ ಬಿಟ್ಟಿದ್ದ ± ಅನ್ನುವುದೇ 1. ಮೇಲಿನ ಸಾಲನ್ನು ಮತ್ತೆ ನೋಡಿದೆ. ಜೂನ್ 1981ರಿಂದ ಏಪ್ರಿಲ್ 1983. ಹುಟ್ಟಿದ್ದು 12-6-1969. ಎಂಟನೇ ಕ್ಲಾಸಿಗೆ ಸೇರಿದಾಗ ಹನ್ನೆರಡು ವರ್ಷ. 2 ಮತ್ತು 3 ಮಾತ್ರ ಅಕಸ್ಮಾತ್ತಾಗಿ ² ಮತ್ತು ³ ಆಗಿಯೇ ಕಾಣುತ್ತವೆ. ಅದಕ್ಕೇ ¹ ಕೂಡ 1 ಅಂತ ನಂಬಿಬಿಡುತ್ತೇವೆ. ಹಳೇ ವರ್ಡ್‌ಸ್ಟಾರ್ ಫೈಲು ಇಟ್ಟುಕೊಂಡವರು ಯಾರಾದರೂ ಇದ್ದರೆ ದಯವಿಟ್ಟು ಕಣ್ಣಿನ ಅಂದಾಜಲ್ಲಿ ಅಂಕಿ ತಿದ್ದಬೇಡಿ. ಹುಡುಗ ಕಳಿಸಿದ ಪೈಥಾನ್ ಭಾಷೆಯ ನಾಲ್ಕು ಸಾಲು ಇದು. ಎಲ್ಲ ಅಕ್ಷರದಿಂದಲೂ ಆ ಗುರುತನ್ನು ತೆಗೆದುಹಾಕಿ, ಹೊಸ ಫೈಲಿಗೆ ಬರೆಯುತ್ತದೆ. ಮೂಲ ಫೈಲನ್ನು ಮುಟ್ಟುವುದಿಲ್ಲ.

```
data = open("CERT92.DOC", "rb").read()
data = data.split(b"\x1a")[0]
text = bytes(b & 0x7F for b in data)
open("CERT92.TXT", "wb").write(text)
```

ಎರಡನೇ ಸಾಲು ಫೈಲಿನ ಕೊನೆಯ ಗುರುತಿನ ನಂತರ ತುಂಬಿಕೊಂಡ ಕಸವನ್ನು ಬಿಡುತ್ತದೆ. ಇಷ್ಟಾದ ಮೇಲೂ `.PA`, `.OP` ಥರದ ಚುಕ್ಕೆ ಸಾಲುಗಳು ಉಳಿದಿದ್ದವು. ಒಂದು ಹೊಸ ಪುಟಕ್ಕೆ, ಇನ್ನೊಂದು ಪುಟ ಸಂಖ್ಯೆ ಬೇಡ ಅನ್ನಲಿಕ್ಕೆ. ನಾನೇ ಹಾಕಿದ್ದು, ನೋಡಿದ ಕೂಡಲೇ ಗುರುತು ಸಿಕ್ಕಿತು. ಇದು ನಮ್ಮ ಕಾಲದ ನಾಲ್ಕನೇ ಆವೃತ್ತಿಗೆ ಸರಿ. ಆಮೇಲಿನ ಆವೃತ್ತಿಗಳು ಫೈಲಿನಲ್ಲಿ ಇನ್ನೂ ಬೇರೆ ಸಂಗತಿ ಸೇರಿಸುತ್ತವೆ, ಅವಕ್ಕೆ ಇಷ್ಟು ಸಾಲದು.

ಒಂದೇ ಸಾಕ್ಷಿಯ ಮೇಲೆ ನಿಲ್ಲಬಾರದು ಅಂತ ಇನ್ನೊಂದು ಫೈಲು ಹುಡುಕಿದೆ. ವರ್ಡ್‌ಸ್ಟಾರ್ ಶುರು ಮಾಡಿದಾಗ D ಒತ್ತಿದರೆ ಪತ್ರ ಬರೆಯುವ ರೀತಿ, N ಒತ್ತಿದರೆ ಬರೀ ಅಕ್ಷರ ಇಡುವ ರೀತಿ. ಒಂದೇ ಪತ್ರಕ್ಕೆ ಬೇರೆಬೇರೆ ಹೆಸರು ತುಂಬುವ ಮೇಲ್‌ಮರ್ಜಿನ ಪಟ್ಟಿಗಳನ್ನು N ಒತ್ತಿಯೇ ಮಾಡಬೇಕಿತ್ತು. N ಫೈಲಿನಲ್ಲಿ ಆ 128ರ ಗುರುತು ಬೀಳುವುದಿಲ್ಲ. 1992ರಲ್ಲಿ ಕೊಟ್ಟ ಪ್ರಮಾಣಪತ್ರಗಳ ಪಟ್ಟಿಯನ್ನು ಹಾಗೇ ಮಾಡಿದ್ದೆ. `LIST92.DAT` ನೋಟ್‌ಪ್ಯಾಡಿನಲ್ಲಿ ಸ್ವಚ್ಛವಾಗಿ ತೆರೆಯಿತು. ಆಕೆಯ ಹೆಸರಿನ ಮುಂದೆ `1187,12-6-1969` ಇತ್ತು. 1187 ದಾಖಲಾತಿ ಸಂಖ್ಯೆ.

ನಿಜವಾಗಿ ಉಪಯೋಗಕ್ಕೆ ಬಂದದ್ದು ಆ ಸಂಖ್ಯೆ. ಕಂಪ್ಯೂಟರಿನ ಫೈಲು ಯಾರು ಬೇಕಾದರೂ ಹೊಡೆಯಬಹುದು, ಅದನ್ನು ತೋರಿಸಿದರೆ ಯಾವ ಕಚೇರಿಯೂ ಒಪ್ಪುವುದಿಲ್ಲ, ಒಪ್ಪಲೂಬಾರದು. ಆದರೆ ಅಂಟಿಕೊಂಡ ರಿಜಿಸ್ಟರಿನಲ್ಲಿ ಎಲ್ಲಿ ಹುಡುಕಬೇಕು ಅಂತ ಈಗ ಗೊತ್ತಾಯಿತು. ಈಗಿನ ಹೆಡ್‌ಮಾಸ್ಟರು ಒಂದು ಭಾನುವಾರ ಶಾಲೆ ತೆಗೆಸಿದರು. ಕಟ್ಟಿನ ಅಂಚಿನಲ್ಲಿ ಕಾಣುತ್ತಿದ್ದ ಸಂಖ್ಯೆಗಳನ್ನು ಎಣಿಸಿ ಆ ಜಾಗಕ್ಕೆ ಬಂದೆವು. ತೆಳ್ಳನೆಯ ಬಿದಿರಿನ ಕಡ್ಡಿ ತೂರಿಸಿ, ಆ ಒಂದು ಹಾಳೆಯನ್ನು ಮಾತ್ರ ಬಿಡಿಸುವುದಕ್ಕೆ ಒಂದೂವರೆ ಗಂಟೆ ಬೇಕಾಯಿತು. ಮೂಲೆಯೊಂದು ಹರಿಯಿತು. ನೀಲಿ ಶಾಯಿ ಹರಡಿತ್ತು. ಆದರೂ 1187ರ ಮುಂದೆ ಅಕ್ಷರದಲ್ಲಿ ಬರೆದದ್ದು ಓದಲು ಸಿಕ್ಕಿತು: ಹನ್ನೆರಡು, ಜೂನ್, ಸಾವಿರದ ಒಂಬೈನೂರ ಅರವತ್ತೊಂಬತ್ತು.

ಹೆಡ್‌ಮಾಸ್ಟರು ಅಲ್ಲೇ ಕೂತು ದಾಖಲಾತಿ ರಿಜಿಸ್ಟರಿನ ಪ್ರತಿ ಬರೆದು, ಸಹಿ ಹಾಕಿ, ಸೀಲು ಒತ್ತಿ ಕೊಟ್ಟರು. ರಜೆಯ ದಿನ ಬಂದದ್ದಕ್ಕೆ, ನನ್ನ ಮಾತು ನಂಬಿದ್ದಕ್ಕೆ ಅವರಿಗೆ ನಾನು ಯಾವತ್ತೂ ಋಣಿ.

ಕಚೇರಿ ಅದನ್ನು ಒಪ್ಪಿಕೊಂಡಿತು. ಹೋದ ಸೋಮವಾರದಿಂದ ಆಕೆ ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾರೆ. ಮೊನ್ನೆ ಹಲಸಿನ ಹಪ್ಪಳ ತಂದುಕೊಟ್ಟು, ನನ್ನ ಹೆಂಡತಿಯ ಕೈ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದರು.

ಹದಿಮೂರು ಫ್ಲಾಪಿಯಲ್ಲಿ ಸಿಕ್ಕ ಫೈಲುಗಳನ್ನು ಮೂಲದ ಹಾಗೇ ಒಂದು ಪ್ರತಿ, ಗುರುತು ತೆಗೆದದ್ದು ಇನ್ನೊಂದು ಪ್ರತಿ ಮಾಡಿ ಶಾಲೆಗೆ ಕೊಟ್ಟಿದ್ದೇನೆ. 1990ರಿಂದ ಈಚೆಗೆ ನಮ್ಮಲ್ಲಿ ಪ್ರಮಾಣಪತ್ರ ಪಡೆದವರಿಗೆ ದಾಖಲಾತಿ ಸಂಖ್ಯೆ ಬೇಕಾದರೆ ಶಾಲೆಯ ಆಫೀಸಿನಲ್ಲಿ ಕೇಳಿ, ನಾನು ಬಂದು ಹುಡುಕಿಕೊಡುತ್ತೇನೆ. ಓದಲಾಗದ ಆ ಒಂದು ಫ್ಲಾಪಿ 1996ರದ್ದು. ಅದನ್ನು ಒಣಗಿದ ಡಬ್ಬದಲ್ಲಿ ಇಟ್ಟಿದ್ದೇನೆ. ದೀಪಾವಳಿಗೆ ಹುಡುಗ ಬೇರೆ ಡ್ರೈವ್ ತರುತ್ತೇನೆ ಅಂದಿದ್ದಾನೆ.