ಇಪ್ಪತ್ತೆಂಟರಲ್ಲಿ ಹತ್ತೇ ಗುಳಿಗಿ: ಬಾಗಲಕೋಟೆ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳಿಗೆ,

ಬನಹಟ್ಟಿಯಲ್ಲಿ ಮೆಡಿಕಲ್ ಅಂಗಡಿ ಇಟ್ಟುಕೊಂಡಿರುವವನ ನಮಸ್ಕಾರ. ತಮ್ಮಲ್ಲಿ ಎರಡು ಸಣ್ಣ ಬೇಡಿಕೆ ಇಡಬೇಕಿದೆ. ಅದಕ್ಕೂ ಮೊದಲು ನನ್ನದೇ ಒಂದು ತಪ್ಪು ಹೇಳಿಕೊಳ್ಳುತ್ತೇನೆ.

ನಮ್ಮ ಓಣಿಯ ಪವರ್‌ಲೂಮ್ ನೇಕಾರನೊಬ್ಬ ಬೇಸಿಗೆಯಲ್ಲಿ ಚೀಟಿ ಹಿಡಿದು ಬಂದ. ಒಂದು ವಾರದಿಂದ ಬಿಡದ ಜ್ವರ, ಡಾಕ್ಟರು ಟೈಫಾಯ್ಡ್ ಎಂದಿದ್ದರು. ಸೆಫಿಕ್ಸಿಮ್ ಬೆಳಿಗ್ಗೆ ಒಂದು, ರಾತ್ರಿ ಒಂದು, ಹದಿನಾಲ್ಕು ದಿನ. ಲೆಕ್ಕಕ್ಕೆ 28 ಗುಳಿಗಿ. ಆತ ಕಿಸೆ ಮುಟ್ಟಿ ನೋಡಿಕೊಂಡು, "ಸದ್ಯ ಒಂದ ಸೀಟ್ ಕೊಡ್ರಿ ಅಣ್ಣಾರ, ಉಳದದ್ದು ಆಮ್ಯಾಗ ಒಯ್ತೀನಿ" ಅಂದ. ಹತ್ತು ಗುಳಿಗಿಯ ಒಂದು ಪಟ್ಟಿ ಕೊಟ್ಟು ಕಳಿಸಿದೆ. ಐದನೆಯ ದಿನ ಜ್ವರ ಇಳಿಯಿತು, ಆರನೆಯ ದಿನ ಮಗ್ಗಕ್ಕೆ ಹೋದ. ದಾರಿಯಲ್ಲಿ ಸಿಕ್ಕಾಗ ಕೇಳಿದೆ. "ಜ್ವರ ಬಿಟ್ಟಾವ್ರಿ, ಇನ್ನ ಯಾಕ ತಿನ್ಲಿ? ಸುಮ್ನ ಉಷ್ಣ ಆಗತೈತಿ." ನಾನೂ ಸುಮ್ಮನಾದೆ.

ಹನ್ನೆರಡು ದಿನ ಕಳೆದ ಮೇಲೆ ಜ್ವರ ಮರಳಿತು. ಈ ಸಲ ಆಸ್ಪತ್ರೆಗೆ ಸೇರಿಸಬೇಕಾಯಿತು. ರಕ್ತದಲ್ಲಿನ ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯಲ್ಲಿ ಟೈಫಾಯ್ಡ್ ರೋಗಾಣುವೇ ಬೆಳೆಯಿತು. ಇಂಜೆಕ್ಷನ್, ಸಲಾಯಿನ್, ಹೆಚ್ಚುಕಡಿಮೆ ಮೂರು ವಾರ ಕೂಲಿ ಇಲ್ಲ.

ಇಲ್ಲಿ ಗಮನಿಸಬೇಕಾದದ್ದೊಂದಿದೆ. ಕಲ್ಚರ್ ವರದಿಯ ಪ್ರಕಾರ ಆ ರೋಗಾಣು ಔಷಧಕ್ಕೆ ಬಗ್ಗದ ಜಾತಿಯದಾಗಿರಲಿಲ್ಲ. ಮೊದಲ ಸಲ ಕೆಲಸ ಮಾಡಿದ ಗುಂಪಿನ ಔಷಧವೇ ಎರಡನೆಯ ಸಲವೂ ಕೆಲಸ ಮಾಡಿತು. ಹಾಗಿದ್ದರೆ ಜ್ವರ ಮರಳಿದ್ದೇಕೆ? ಔಷಧ ಸೋತಿರಲಿಲ್ಲ, ಕೆಲಸ ಅರ್ಧಕ್ಕೆ ನಿಂತಿತ್ತು.

ಟೈಫಾಯ್ಡ್ ರೋಗಾಣು ಕರುಳಿನಿಂದ ಒಳನುಗ್ಗಿ ರಕ್ತ ಸೇರುತ್ತದೆ. ಆದರೆ ಅದು ನೆಲೆ ಊರುವ ಜಾಗ ರಕ್ತವಲ್ಲ. ರೋಗಾಣುಗಳನ್ನು ನುಂಗಿ ಅರಗಿಸಬೇಕಾದ ನಮ್ಮದೇ ಕಾವಲು ಕೋಶಗಳ ಹೊಟ್ಟೆಯೊಳಗೆ ಅದು ಬದುಕಿ ಉಳಿಯುತ್ತದೆ. ಅಂಥ ಕೋಶಗಳು ಲಿವರ್, ಗುಲ್ಮ, ಎಲುಬಿನ ಮಜ್ಜೆಗಳಲ್ಲಿ ತುಂಬಿರುತ್ತವೆ. ಗುಳಿಗಿ ಶುರುವಾದ ಮೇಲೆ ರಕ್ತದ ಕಲ್ಚರ್‌ನಲ್ಲಿ ಸಿಗದ ರೋಗಾಣು ಎಷ್ಟೋ ಸಲ ಮಜ್ಜೆಯ ಕಲ್ಚರ್‌ನಲ್ಲಿ ಸಿಗುವುದು ಇದೇ ಕಾರಣಕ್ಕೆ. ಜ್ವರ ಇಳಿಯಿತು ಎಂದರೆ ರಕ್ತದಲ್ಲಿನ ಗದ್ದಲ ತಗ್ಗಿತು ಎಂದಷ್ಟೇ ಅರ್ಥ. ಅಡಗಿದವು ಅಲ್ಲೇ ಇರುತ್ತವೆ. ಗುಳಿಗಿ ನಿಂತ ಮೇಲೆ ಅವು ಮತ್ತೆ ಸಂಖ್ಯೆ ಬೆಳೆಸಿಕೊಂಡು ರಕ್ತಕ್ಕೆ ಬರಲು ಒಂದೆರಡು ವಾರ ಬೇಕು. ನಮ್ಮ ನೇಕಾರನ ಹನ್ನೆರಡು ದಿನದ ಲೆಕ್ಕ ಅಲ್ಲಿಗೆ ಕೂಡುತ್ತದೆ.

ಡಾಕ್ಟರು ದಿನ ಎಣಿಸುವುದೂ ಈ ಅಡಗುತಾಣ ನೋಡಿಯೇ. ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್ ಕೋಶದ ಹೊರಗೆ ಚುರುಕು, ಒಳಗೆ ಹೋಗುವುದು ಕಡಿಮೆ. ಹಾಗಾಗಿ ಟೈಫಾಯ್ಡ್‌ಗೆ ಅವನ್ನು ಎರಡು ವಾರದವರೆಗೆ ಬರೆಯುತ್ತಾರೆ. ಅಜಿತ್ರೋಮೈಸಿನ್ ಕೋಶದೊಳಗೇ ಶೇಖರವಾಗುವ ಔಷಧ, ಆದ್ದರಿಂದ ಅದೇ ಟೈಫಾಯ್ಡ್‌ಗೆ ಏಳು ದಿನ ಸಾಕಾಗುತ್ತದೆ. "ನಮ್ಮ ಅಣ್ಣಗ ಏಳ ದಿನ, ನನಗ ಯಾಕ ಹದಿನಾಲ್ಕು?" ಎಂದು ಕೌಂಟರಿನಲ್ಲಿ ಜಗಳ ತೆಗೆಯುವವರಿಗೆ ಉತ್ತರ ಇದು. ಇಂಥ ಸಂಖ್ಯೆಗಳ ಹಿಂದೆ ಸಾಲು ಸಾಲು ರೋಗಿಗಳಿಗೆ ಬೇರೆ ಬೇರೆ ಅವಧಿ ಔಷಧ ಕೊಟ್ಟು, ಜ್ವರ ಎಷ್ಟು ಜನಕ್ಕೆ ಮರಳಿತು ಎಂದು ಎಣಿಸಿದ ಪ್ರಯೋಗಗಳಿವೆ.

ಅಜಿತ್ರೋಮೈಸಿನ್ ಪಟ್ಟಿಯದೊಂದು ಪೇಚು. ಎಷ್ಟೋ ಕಂಪನಿಗಳ ಪಟ್ಟಿಯಲ್ಲಿ ಮೂರೇ ಗುಳಿಗಿ ಬರುತ್ತವೆ. ಕೆಲವು ಸೋಂಕುಗಳಿಗೆ ಮೂರು ದಿನವೇ ಪೂರ್ಣ ಕೋರ್ಸು, ಏಕೆಂದರೆ ಆ ಔಷಧ ನುಂಗುವುದು ನಿಂತ ಮೇಲೂ ದಿನಗಟ್ಟಲೆ ಮೈಯಲ್ಲಿ ಉಳಿಯುತ್ತದೆ. ಜನ ಇದರಿಂದ ಒಂದು ಪಟ್ಟಿ ಮುಗಿದರೆ ಕೋರ್ಸು ಮುಗಿಯಿತು ಎಂದು ತಿಳಿಯುತ್ತಾರೆ. ಟೈಫಾಯ್ಡ್‌ನವನೂ ಹಾಗೆ ತಿಳಿದರೆ ಕೆಟ್ಟ.

ಹಾಗಂತ ಹೆಚ್ಚು ದಿನ ತಿಂದಷ್ಟೂ ಒಳ್ಳೆಯದು ಎಂಬ ಮಾತೂ ಅಲ್ಲ. ನಮ್ಮ ವೃತ್ತಿಯವರೇ ಇದನ್ನು ತಪ್ಪಾಗಿ ಹೇಳುವುದುಂಟು. ಹೆಂಗಸರ ಸಾಮಾನ್ಯ ಉರಿಮೂತ್ರದ ಸೋಂಕಿಗೆ ನೈಟ್ರೋಫುರಾಂಟಾಯಿನ್ ಐದು ದಿನ ಸಾಕು. ನ್ಯುಮೋನಿಯಾದಲ್ಲೂ ಬೇಗ ಚೇತರಿಸಿಕೊಂಡವರಿಗೆ ಐದು ದಿನಕ್ಕೆ ನಿಲ್ಲಿಸುವುದು ಈಗ ರೂಢಿ. ನುಂಗಿದ ಪ್ರತಿ ಗುಳಿಗಿ ಕರುಳಿನಲ್ಲಿ ಸುಮ್ಮನಿದ್ದ ಸೂಕ್ಷ್ಮಾಣುಗಳಿಗೂ ಬಡಿಯುತ್ತದೆ, ತಡೆದುಕೊಂಡವು ಅಲ್ಲೇ ಹೆಚ್ಚುತ್ತವೆ. ಬೇಡದ ದಿನಗಳ ಔಷಧದಿಂದಲೂ ಬಗ್ಗದ ರೋಗಾಣು ಬೆಳೆಯುವುದು ಹೀಗೆ. ಕ್ಷಯದ ಲೆಕ್ಕವೇ ಬೇರೆ. ಅಲ್ಲಿ ನಿದ್ದೆ ಹೋದಂತಿರುವ ರೋಗಾಣುಗಳನ್ನು ಮುಗಿಸಲು ಸಾಮಾನ್ಯವಾಗಿ ಆರು ತಿಂಗಳು ಬೇಕು, ನಡುವೆ ಬಿಟ್ಟು ಬಿಟ್ಟು ತಿಂದರೆ ಆ ಔಷಧಕ್ಕೇ ಬಗ್ಗದ ಕ್ಷಯ ಹುಟ್ಟಬಹುದು. ಆದ್ದರಿಂದ ದಿನ ಗೊತ್ತು ಮಾಡುವವರು ಡಾಕ್ಟರೇ. ಕಲ್ಚರ್ ವರದಿ ನೋಡಿ ಅವರೇ "ಇದು ಬೇಡ, ನಿಲ್ಲಿಸು" ಎಂದರೆ ಪಟ್ಟಿಯಲ್ಲಿ ಉಳಿದಿದೆಯೆಂದು ನುಂಗಬಾರದು. ಮೈಮೇಲೆ ದದ್ದು ಎದ್ದರೆ, ಮುಖ ಬಾತರೆ, ಉಸಿರು ಕಟ್ಟಿದರೆ ಕೋರ್ಸು ಮುಗಿಸುವ ಹಟ ಬೇಡ, ಕೂಡಲೇ ಆಸ್ಪತ್ರೆಗೆ ಓಡಬೇಕು. ಟೈಫಾಯ್ಡ್‌ನಲ್ಲಿ ಔಷಧ ಶುರುವಾಗಿ ಒಂದು ವಾರವಾದರೂ ಜ್ವರ ಇಳಿಯದಿದ್ದರೆ, ಹೊಟ್ಟೆನೋವು ಜೋರಾದರೆ, ಮಲ ಕಪ್ಪಾದರೆ ಕೂಡ ಕೋರ್ಸು ಮುಗಿಯಲೆಂದು ಕಾಯಬಾರದು.

ಈಗ ಬೇಡಿಕೆ. ನನ್ನಲ್ಲಿಗೆ ಬರುವ ಕೆಲವರು ಸರ್ಕಾರಿ ಆಸ್ಪತ್ರೆಯೊಂದರಲ್ಲಿ ತಮಗೆ ಮೂರು ದಿನದ ಗುಳಿಗಿ ಕೊಟ್ಟು "ಮತ್ತೆ ಬಂದು ಒಯ್ಯಿರಿ" ಎಂದರೆಂದು ಹೇಳುತ್ತಾರೆ. ದಾಸ್ತಾನು ಕಡಿಮೆ ಇದ್ದಾಗ ಹಂಚಿ ಕೊಡುವುದು ನನಗೂ ಅರ್ಥವಾಗುತ್ತದೆ. ಆದರೆ ಜ್ವರ ಬಿಟ್ಟ ನೇಕಾರ ನಾಲ್ಕನೆಯ ದಿನ ಕೂಲಿ ಬಿಟ್ಟು ಸರದಿಯಲ್ಲಿ ನಿಲ್ಲುವುದಿಲ್ಲ. ಟೈಫಾಯ್ಡ್ ಎಂದು ಚೀಟಿ ಬರೆದವರಿಗೆ ಇಡೀ ಕೋರ್ಸಿನ ಔಷಧ ಒಮ್ಮೆಗೇ ಸಿಗಲಿ. ಆಗದಿದ್ದರೆ ಎರಡನೆಯ ಕಂತು ಆಶಾ ಕಾರ್ಯಕರ್ತೆಯರ ಕೈಯಲ್ಲಿ ಮನೆಗೆ ತಲುಪಲಿ.

ಎರಡನೆಯದು ಇನ್ನೂ ಅಗ್ಗ. ಗುಳಿಗಿಯ ಕವರಿನ ಮೇಲೆ "1-0-1, 14 ದಿನ" ಎಂದು ಬರೆದರೆ ಎಷ್ಟು ಜನಕ್ಕೆ ತಿಳಿಯುತ್ತದೆ? "ಕೊನೆಯ ಗುಳಿಗಿ: 18ನೇ ತಾರೀಕು, ರಾತ್ರಿ" ಎಂದು ಕನ್ನಡದಲ್ಲಿ ಬರೆಯಲು ನಿಮ್ಮ ಫಾರ್ಮಸಿಸ್ಟರಿಗೆ ಸೂಚಿಸಿ. ಖಾಸಗಿ ಅಂಗಡಿಗಳಿಗೂ ಅದೇ ಮಾತು ಹೇಳಿ. ಪಟ್ಟಿಯ ಮೇಲಿನ ಕೆಂಪು ಗೆರೆ ಡಾಕ್ಟರ ಚೀಟಿ ಇಲ್ಲದೆ ಬೇಡ ಎಂದು ಹೇಳುತ್ತದೆ, ಎಷ್ಟು ದಿನ ಎಂದು ಅದಕ್ಕೆ ಗೊತ್ತಿಲ್ಲ.

ನನ್ನ ಅಂಗಡಿಯಲ್ಲಿ ಹಾಗೆ ಬರೆಯಲು ಶುರು ಮಾಡಿದ್ದೇನೆ. ದುಡ್ಡು ಸಾಲದವರಿಗೆ ಪೂರ್ತಿ ಕೋರ್ಸು ಕೊಟ್ಟು, ಬಾಕಿಯನ್ನು ಉದ್ರಿ ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ. ಮೊದಲ ಹೆಸರು ಅದೇ ನೇಕಾರನದು: ಆಸ್ಪತ್ರೆಯಿಂದ ಬಿಡುಗಡೆಯಾದಾಗ ಡಾಕ್ಟರು ಇನ್ನೂ ಏಳು ದಿನಕ್ಕೆ ಬರೆದುಕೊಟ್ಟ 14 ಗುಳಿಗಿ. ಕವರಿನ ಮಾದರಿಯೊಂದನ್ನು ಈ ಪತ್ರದ ಜೊತೆ ಲಗತ್ತಿಸಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಬನಹಟ್ಟಿಯ ಔಷಧ ವ್ಯಾಪಾರಿ