ಮೊದಲ ಮಳೆ ಹೊಯ್ದು ಹೋಗಲಿ ಮಾರಾಯ, ಆಮೇಲೆ ಕೇಳು

ಪ್ರೀತಿಯ ಗೆಳೆಯ,

ಕೆಲಸ ಮುಗಿದು ಬಾಕಿ ದುಡ್ಡು ಕೈಗೆ ಬಂದ ಹೊತ್ತಿಗೇ "ನಿಮಗೆ ಗೊತ್ತಿದ್ದವರು ಯಾರಾದರೂ ಇದ್ದರೆ ಹೇಳಿ ಸರ್" ಅಂದೆ, ಅವರು "ನೋಡೋಣ" ಅಂತ ಒಳಗೆ ಹೋದರು ಅಂದೆಯಲ್ಲ. ಗಿರಾಕಿಗಳ ಹತ್ತಿರ ರೆಫರೆನ್ಸ್ ಯಾವಾಗ, ಹೇಗೆ ಕೇಳಬೇಕು ಅನ್ನುವುದಕ್ಕೆ ಉತ್ತರವನ್ನು ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ. ತಾರಸಿ ವಾಟರ್‌ಪ್ರೂಫಿಂಗ್ ಮಾಡುವ ನಮ್ಮವರು ಇನ್ನೂ ನಾಲ್ಕು ಜನ ಓದಲಿ.

ಏಪ್ರಿಲ್‌ನಲ್ಲಿ ಆ ಸರ್ ಖುಷಿಯಾಗಿದ್ದುದು ನಿಜ. ಆದರೆ ಅದು ನಿನ್ನ ಹುಡುಗರು ಕಸ ಉಳಿಸದೆ ಗುಡಿಸಿ ಹೋದದ್ದಕ್ಕೆ, ಹೇಳಿದ ದಿನಕ್ಕೆ ಮುಗಿಸಿದ್ದಕ್ಕೆ. ತಾರಸಿ ಸೋರುವುದಿಲ್ಲ ಅಂತ ಅವರಿಗಿನ್ನೂ ಗೊತ್ತಿಲ್ಲ. ನೀರು ಹೋಗುವ ಪೈಪಿನ ಬಾಯಿ ಮುಚ್ಚಿ 48 ಗಂಟೆ ನೀರು ನಿಲ್ಲಿಸಿ ತೋರಿಸಿದ್ದೀಯ, ಸರಿ. ಆ ಪರೀಕ್ಷೆ ನಮಗೆ ಸಾಕು, ಮನೆಯವರಿಗೆ ಸಾಲದು. ನಿಂತ ನೀರು ಬೇರೆ, ಗಾಳಿ ಸಮೇತ ಪ್ಯಾರಪೆಟ್‌ಗೆ ಬಡಿಯುವ ಜೂನ್ ಮಳೆ ಬೇರೆ. ತಾವೇ ನೋಡದ್ದನ್ನು ಇನ್ನೊಬ್ಬರಿಗೆ ಹೇಗೆ ಹೇಳಿಯಾರು?

ನಾನು ಕಾಯುವುದು ಎರಡು ಮೂರು ಜೋರು ಮಳೆಗೆ. ಆಮೇಲೆ ಫೋನ್ ಮಾಡಿ, ಸಾಧ್ಯವಾದರೆ ಹೋಗಿ, ಪ್ಯಾರಪೆಟ್ ಗೋಡೆ ತಾರಸಿಗೆ ಸೇರುವ ಮೂಲೆಗಳ ಕೆಳಗೆ ಸೀಲಿಂಗ್ ಮುಟ್ಟಿ ನೋಡುತ್ತೇನೆ. ಎಲ್ಲೋ ಒಂದು ಕಡೆ ತೇವ ಕಂಡರೆ ಆವತ್ತು ರೆಫರೆನ್ಸ್ ಮಾತೇ ಇಲ್ಲ, ಮೊದಲು ಅದನ್ನು ಸರಿ ಮಾಡುವುದು. ಒಣಗಿದ್ದರೂ ನಾನಾಗಿ ಶುರು ಮಾಡುವುದಿಲ್ಲ. "ಈ ವರ್ಷ ಬಕೆಟ್ ಇಡಲೇ ಇಲ್ಲ ನೋಡಿ" ಅಂತ ಅವರ ಬಾಯಿಂದ ಬರಬೇಕು. ಬಂದ ಕೂಡಲೇ ಕೇಳಬೇಕು. ಆಗಸ್ಟ್ ಹೊತ್ತಿಗೆ ಒಣಗಿದ ಮನೆ ಅವರಿಗೆ ಅಭ್ಯಾಸವಾಗಿಬಿಟ್ಟಿರುತ್ತದೆ, ಬಕೆಟ್ ಮರೆತಿರುತ್ತದೆ. ಇನ್ನೊಂದು ಕಾರಣವೂ ಇದೆ: ಅವರ ನೆಂಟರ ಮನೆ ಸೋರುತ್ತಿರುವುದೂ ಅದೇ ವಾರ. ಆಗ ಹೋದರೆ ಸೋರುವ ಜಾಗ ಕಣ್ಣಿಗೆ ಕಾಣುತ್ತದೆ, ಕೆಲಸವನ್ನು ಮಳೆಗಾಲ ಕಳೆದು ಮೇಲ್ಮೈ ಒಣಗಿದ ಮೇಲೆ ಇಟ್ಟುಕೊಳ್ಳಬಹುದು.

ಕೇಳುವಾಗ "ಯಾರಾದರೂ" ಅನ್ನಬೇಡ. ಆ ಮಾತಿಗೆ ಯಾರ ಮುಖವೂ ನೆನಪಿಗೆ ಬರುವುದಿಲ್ಲ. ಹೋದ ಮಳೆಗಾಲದಲ್ಲಿ ಸಾಗರದ ಒಬ್ಬರು ನಿವೃತ್ತ ಟೀಚರ್ ಹತ್ತಿರ ಹೀಗಂದೆ: "ಅಮ್ಮ, ನಿಮ್ಮ ಮನೆ ತರಹ ಗೋಡೆ ಮೂಲೆಯಲ್ಲೇ ಸೋರುವ ಮನೆ ನಿಮ್ಮವರಲ್ಲಿ ಇದ್ದರೆ, ನನ್ನ ನಂಬರ್ ಅವರಿಗೆ ಕೊಡಿ. ಅವರ ನಂಬರ್ ನನಗೆ ಬೇಡ. ಬೇಕಿದ್ದರೆ ಅವರೇ ಫೋನ್ ಮಾಡುತ್ತಾರೆ. ಮಾಡದಿದ್ದರೆ ನಾನು ನಿಮ್ಮನ್ನು ಮತ್ತೆ ಕೇಳುವುದಿಲ್ಲ." ಅವರ ಮುಖದ ಬಿಗಿ ಸಡಿಲವಾದದ್ದು ಕಾಣಿಸಿತು. ಮೂರನೆಯವರನ್ನು ಕೇಳದೆ ಅವರ ನಂಬರ್ ಕೊಡುವ ಇಕ್ಕಟ್ಟು ತಪ್ಪಿತಲ್ಲ. ಅಲ್ಲೇ ಒಂದು ವಾಟ್ಸಾಪ್ ಮೆಸೇಜ್ ಕಳಿಸಿದೆ: ಹೆಸರು, ಊರು, ಅವರ ಮನೆಗೆ ಏನು ಮಾಡಿದ್ದು, ನೋಡಲು ಬಂದರೆ ದುಡ್ಡಿಲ್ಲ ಅಂತ ಒಂದು ಸಾಲು. ಬೇಕೆನಿಸಿದಾಗ ಮುಂದಕ್ಕೆ ಕಳಿಸಿದರಾಯಿತು.

ಅವರ ನಾದಿನಿ ಫೋನ್ ಮಾಡಿದರು. ಹೋಗಿ ನೋಡಿದರೆ ತೇವ ಇದ್ದದ್ದು ಮೇಲಿನ ನೀರಿನ ಟ್ಯಾಂಕಿನಿಂದ ಇಳಿಯುವ ಪೈಪಿನ ಜಾಯಿಂಟ್ ಕೆಳಗೆ. ಮಳೆ ನಿಂತ ದಿನವೂ ಹಾಗೇ ತೇವ ಇರುತ್ತದೆ ಅಂದರು, ಅಲ್ಲಿಗೆ ಗೊತ್ತಾಯಿತು. ಪ್ಲಂಬರ್‌ನ ಕರೆಸಿ ಅಂದೆ, ಬಂದೆ. ಸಂಜೆ ಟೀಚರಿಗೂ ಫೋನ್ ಮಾಡಿ ಹೇಳಿದೆ. ಕಳಿಸಿಕೊಟ್ಟವರಿಗೆ ಏನಾಯಿತು ಅಂತ ತಿಳಿಸುವುದನ್ನು ಬಿಡಬೇಡ, ಕೆಲಸ ಸಿಗದಿದ್ದಾಗ ಮುಖ್ಯವಾಗಿ. ಮೂರು ವಾರದ ಮೇಲೆ ಅವರ ಜೊತೆ ಪಾಠ ಮಾಡುತ್ತಿದ್ದ ಇನ್ನೊಬ್ಬ ಟೀಚರ್ ಫೋನ್ ಮಾಡಿದರು, ಡಿಸೆಂಬರ್‌ನಲ್ಲಿ ಇಡೀ ತಾರಸಿಯ ಕೆಲಸ ಸಿಕ್ಕಿತು.

ಕಮಿಷನ್ ಕೊಡಬೇಕಾ ಅಂತ ಕೇಳಿದ್ದೆಯಲ್ಲ. ನಾನು ಕೊಡುವುದಿಲ್ಲ. ನಾದಿನಿಗೆ ಹೇಳಿದ ಒಳ್ಳೆಯ ಮಾತಿಗೆ ದುಡ್ಡು ಬಂತು ಅಂತ ಆಮೇಲೆ ಗೊತ್ತಾದರೆ ಟೀಚರ್ ಮುಖ ಎಲ್ಲಿಟ್ಟುಕೊಳ್ಳಬೇಕು? ಅದರ ಬದಲು ಮೇ ತಿಂಗಳಲ್ಲಿ ಹಳೇ ಗಿರಾಕಿಗಳ ತಾರಸಿಯ ನೀರು ಹೋಗುವ ಬಾಯಿಗಳನ್ನು ಚೊಕ್ಕ ಮಾಡಿಸಿ ಕೊಡುತ್ತೇನೆ. ಹೆಸರು ಹೇಳಿದವರಿಗೂ ಹೇಳದವರಿಗೂ ಒಂದೇ.

ಇಷ್ಟು ಹೇಳಲು ಕೂತಿದ್ದು. ಇನ್ನೊಂದು ಬಾಯಿಗೆ ಬರುತ್ತಿದೆ. ಈಚೆಗೆ ಕೇಳುವ ಮುಂಚೆ ನನಗೆ ಹೆದರಿಕೆಯಾಗುತ್ತದೆ ಕಣೋ. "ಇಲ್ಲ" ಅಂದಾರು ಅಂತಲ್ಲ, "ಆಯ್ತು" ಅಂದಾರು ಅಂತ. ಅವರು ನಲವತ್ತು ವರ್ಷದಿಂದ ಉಳಿಸಿಕೊಂಡ ಮಾತಿನ ಬೆಲೆಯನ್ನು ನಾನು ಕೈಗಡ ತೆಗೆದುಕೊಂಡ ಹಾಗೆ. ನಾಳೆ ಆ ಇನ್ನೊಂದು ಮನೆ ಸೋರಿದರೆ ನಾನು ಹೋಗಿ ರಿಪೇರಿ ಮಾಡಿ ಬಂದೇನು. ಅವರು ಮಾತ್ರ ಪ್ರತಿ ಹಬ್ಬಕ್ಕೂ ಆ ನೆಂಟರ ಎದುರು ಕೂತು ಊಟ ಮಾಡಬೇಕು. ಈ ಯೋಚನೆಯಲ್ಲೇ ರಾತ್ರಿ ಮಳೆ ಶುರುವಾದರೆ ಎಚ್ಚರವಾಗುತ್ತದೆ. ಮನೆಯಲ್ಲಿ ಇದನ್ನು ಹೇಳಿಲ್ಲ, ಈಗ ಊರಿಗೆಲ್ಲ ಹೇಳಿದ ಹಾಗಾಯಿತು.

ಸಾಕು ಬಿಡು. ಆ ಸರ್‌ಗೆ ಜೂನ್‌ವರೆಗೆ ಫೋನ್ ಮಾಡಬೇಡ. ಮಂಡಕ್ಕಿ ಮೇಷ್ಟ್ರು ನಿನ್ನನ್ನು ಕೇಳುತ್ತಿದ್ದರು, "ಏಣಿ ಇಳಿದನಾ ಇಲ್ಲವಾ" ಅಂತ. ಇಳಿದಿಲ್ಲ ಅಂದಿದ್ದೇನೆ. ದಸರಾಕ್ಕೆ ಬಂದಾಗ ನೀನೇ ಉತ್ತರ ಕೊಡು.

ನಿನ್ನ,
ತಾರಸಿ ಮೇಲಿನ ಗೆಳೆಯ