ಆ್ಯಪ್ ಟ್ರಯಲ್ ಭಾನುವಾರಕ್ಕೆ ಮುಗಿಯುತ್ತೆ

ಎಲ್ಲರಿಗೂ ನಮಸ್ಕಾರ. ಫ್ರೀಡಂ ಪಾರ್ಕ್ ವಾಕಿಂಗ್‌ಗೆ ನಾವೆಲ್ಲ ಒಟ್ಟಿಗೆ ಹಾಕಿಕೊಂಡ ಫಿಟ್ನೆಸ್ ಆ್ಯಪ್‌ನ ಪ್ರೀಮಿಯಂ ಟ್ರಯಲ್ ಈ ಭಾನುವಾರ ಮುಗಿಯುತ್ತೆ. ಬೇಡ ಅನ್ನುವವರು ಶುಕ್ರವಾರದೊಳಗೆ ರದ್ದು ಮಾಡಿ, ಇಲ್ಲದಿದ್ದರೆ ವರ್ಷದ ದುಡ್ಡು ತಾನಾಗಿ ಕಡಿತವಾಗುತ್ತೆ.

ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಿದರೆ ಸಾಲದು. ಹೋದ ವರ್ಷ ಬೇರೊಂದು ಆ್ಯಪ್‌ನಲ್ಲಿ ನಾನು ಹಾಗೇ ಮಾಡಿ ದುಡ್ಡು ಕಳೆದುಕೊಂಡೆ. ಆಂಡ್ರಾಯ್ಡ್ ಫೋನಿನವರು ಪ್ಲೇ ಸ್ಟೋರ್‌ನಲ್ಲಿ ನಿಮ್ಮ ಫೋಟೋ ಒತ್ತಿ, Payments & subscriptions, ಆಮೇಲೆ Subscriptions ಗೆ ಹೋಗಿ ಅಲ್ಲಿ ರದ್ದು ಮಾಡಬೇಕು.

ರದ್ದು ಮಾಡಿದವರಿಗೂ ಹೆಜ್ಜೆ ಎಣಿಕೆ, ನಡೆದ ದೂರ, ನಮ್ಮ ಗುಂಪಿನ ಪಟ್ಟಿ ಉಚಿತವಾಗಿಯೇ ಉಳಿಯುತ್ತೆ. ಕೋಚ್ ಜೊತೆಗಿನ ವಿಡಿಯೋ ಕರೆ ನಿಲ್ಲುತ್ತೆ. ಬಾಕಿ ಇರುವ ಕರೆ ಮುಂದಕ್ಕೆ ಸಿಗಲ್ಲ, ಶನಿವಾರದೊಳಗೆ ಮುಗಿಸಿಕೊಳ್ಳಿ. ಹಳೆಯ ದಾಖಲೆ ಬರೀ 30 ದಿನದ್ದು ಕಾಣುತ್ತೆ. ಕವಲೇದುರ್ಗ ಹತ್ತಿದ ದಿನದ ಹೃದಯ ಬಡಿತದ ಗ್ರಾಫ್ ಆಗ ತೆರೆಯಲ್ಲ. ಡಾಕ್ಟರಿಗೆ ತೋರಿಸುವವರು ಸೆಟ್ಟಿಂಗ್ಸ್‌ನಿಂದ ಫೈಲ್ ಇಳಿಸಿ, ತೆರೆದು, ಮೊದಲ ದಿನದ ತಾರೀಖು ಇದೆಯಾ ನೋಡಿ.

ನನ್ನ ಪ್ರಕಾರ ಮಂಡಿನೋವಿಗೆ ಕೋಚ್ ಹೇಳಿದ ವ್ಯಾಯಾಮ ಮಾಡುತ್ತಿರುವವರಿಗೆ ಮಾತ್ರ ಪ್ರೀಮಿಯಂ ಬೇಕು. ರದ್ದು ಮಾಡಿದವರು ಇಲ್ಲಿ "ಆಯ್ತು" ಅಂತ ಹಾಕಿ. ರದ್ದು ಮಾಡೋಕೆ ಬರದವರು ನಾಳೆ ಬೆಳಿಗ್ಗೆ ಫೋನ್ ತನ್ನಿ, ಪಾರ್ಕ್ ಗೇಟಿನ ಹತ್ತಿರ ನಾನೇ ಮಾಡಿಕೊಡ್ತೀನಿ.